ಆ ವಿಷಯ ಅವನಿಗೆ ಯಾರು ಹೇಳಿದರು?

"ಅಚ್ಚಿಗೆ ಹೋಗುವ ಮೊದಲು ಥ್ರಿಲ್ಲರ್ ಹಸ್ತಪ್ರತಿ ಓದಿ ಅಭಿಪ್ರಾಯ ಹೇಳುವಾಗ, ಅಂದರೆ ಬೀಟಾ ರೀಡಿಂಗ್ ಮಾಡುವಾಗ, ಕಥೆಯ ತೂತುಗಳು ನಿಮಗೆ ಹೇಗೆ ಕಣ್ಣಿಗೆ ಬೀಳ್ತವೆ? ನಾನು ಓದಿದರೆ ಎಲ್ಲ ಸರಿಯಾಗೇ ಇದೆ ಅನ್ಸುತ್ತೆ."

ಮೊದಲ ಸಲ ಓದುವಾಗ ನನಗೂ ಹಾಗೇ ಅನ್ನಿಸುತ್ತದೆ. ಥ್ರಿಲ್ಲರ್ ಬರೆಯುವವರ ಕಸುಬೇ ಅದು, ಓದುಗ ನಿಂತು ಯೋಚಿಸದ ಹಾಗೆ ಓಡಿಸುವುದು. ಹಾಗಾಗಿ ಮೊದಲ ಓದಿನಲ್ಲಿ ನಾನು ತೂತು ಹುಡುಕುವುದಿಲ್ಲ. ಎಲ್ಲಿ ಸ್ವಲ್ಪ ಎಡವಿದೆನೋ ಅಲ್ಲಿ ಮಾರ್ಜಿನ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗುತ್ತೇನೆ, ಕಾರಣ ಬರೆಯುವುದಿಲ್ಲ. ಕೊನೆಯ ಪುಟ ಮುಗಿಯುವಷ್ಟರಲ್ಲಿ ಆ ಚಿಹ್ನೆಗಳಲ್ಲಿ ಎಷ್ಟೋ ತಾವಾಗಿಯೇ ಬಿದ್ದುಹೋಗಿರುತ್ತವೆ. ಹತ್ತನೇ ಅಧ್ಯಾಯದಲ್ಲಿ ತಪ್ಪು ಅನ್ನಿಸಿದ್ದು ಮೂವತ್ತನೇ ಅಧ್ಯಾಯದಲ್ಲಿ ಒಂದು ಪಾತ್ರ ಹೇಳಿದ ಸುಳ್ಳು ಅಂತ ಗೊತ್ತಾಗುತ್ತದೆ. ಅವಸರ ಮಾಡಿ ಅಲ್ಲೇ ಲೇಖಕರಿಗೆ ಮೆಸೇಜ್ ಕಳಿಸಿದರೆ ನಗೆಪಾಟಲು.

ನಿಜವಾದ ಕೆಲಸ ಎರಡನೇ ಓದಿನಲ್ಲಿ. ಆಗ ನಾನು ನಾಯಕಿಯನ್ನು ಬಿಟ್ಟು ವಿಲನ್ ಬೆನ್ನಿಗೆ ಬೀಳುತ್ತೇನೆ. ಕಥೆ ಬರೆಯುವವರು ಸಾಮಾನ್ಯವಾಗಿ ನಾಯಕಿಯ ಜೊತೆಗೇ ನಡೆದಿರುತ್ತಾರೆ, ಅವಳಿಗೆ ಯಾವಾಗ ಏನು ಗೊತ್ತಾಯಿತು ಅನ್ನುವುದು ಅವರಿಗೆ ಬಾಯಿಪಾಠ. ವಿಲನ್ ಮಾತ್ರ ಬೇಕಾದಾಗ ಬಂದು, ಬೇಡವಾದಾಗ ಮಾಯವಾಗುತ್ತಾನೆ. ಆ ನಡುವಿನ ಹೊತ್ತಿನಲ್ಲಿ ಅವನು ಎಲ್ಲಿದ್ದ, ಏನು ಮಾಡುತ್ತಿದ್ದ ಅಂತ ಯಾರೂ ಯೋಚಿಸಿರುವುದಿಲ್ಲ. ತೂತು ಇರುವುದೇ ಅಲ್ಲಿ.

ಒಂದು ಸಾದಾ ಹಾಳೆ ಸಾಕು, ನಾಲ್ಕು ಕಾಲಂ. ಅಧ್ಯಾಯ, ದಿನ ಮತ್ತು ಗಂಟೆ, ಯಾರು ಎಲ್ಲಿದ್ದಾರೆ, ಯಾರಿಗೆ ಹೊಸದಾಗಿ ಏನು ಗೊತ್ತಾಯಿತು. ಕೊನೆಯ ಕಾಲಂ ತುಂಬುವಾಗ ಆ ವಿಷಯ ಯಾವ ದಾರಿಯಲ್ಲಿ ಬಂತು ಅನ್ನುವುದನ್ನೂ ಬರೆಯಬೇಕು. ದಾರಿ ಬರೆಯಲು ಆಗದಿದ್ದರೆ ಆ ಜಾಗ ಖಾಲಿ ಬಿಡುವುದು. ಆಮೇಲೆ ಖಾಲಿ ಜಾಗಗಳನ್ನಷ್ಟೇ ನೋಡಿದರೆ ಆಯಿತು.

ಒಂದು ಉದಾಹರಣೆ ಕೊಡುತ್ತೇನೆ. ನಾನು ಓದಿದ ಒಂದು ಹಸ್ತಪ್ರತಿಯದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಯಕಿ ಒಂದು ಕಂಪನಿಯ ಲೆಕ್ಕಪತ್ರ ನೋಡುವವಳು. ಸೋಮವಾರ ರಾತ್ರಿ 11.40ಕ್ಕೆ ಅವಳ ಸಹೋದ್ಯೋಗಿ ಫೋನ್ ಮಾಡಿ, ಕಳ್ಳಲೆಕ್ಕದ ಫೈಲುಗಳೆಲ್ಲ ಒಂದು ಪೆನ್‌ಡ್ರೈವಿನಲ್ಲಿವೆ, ಬೆಟ್ಟದ ಮೇಲಿನ ಗೆಸ್ಟ್‌ಹೌಸಿನ ಗೋಡೆ ಗಡಿಯಾರದ ಹಿಂದೆ ಇಟ್ಟಿದ್ದೇನೆ ಅನ್ನುತ್ತಾನೆ. ಸ್ವಲ್ಪ ಹೊತ್ತಿಗೆ ಅವನ ಕೊಲೆಯಾಗುತ್ತದೆ. ಅವಳು ಜಾಣೆ, ತನ್ನ ಫೋನನ್ನು ಮನೆಯಲ್ಲೇ ಬಿಟ್ಟು, ಪಕ್ಕದ ಮನೆಯವರ ಕಾರು ತೆಗೆದುಕೊಂಡು 12.30ಕ್ಕೆ ಹೊರಡುತ್ತಾಳೆ. ಬೆಳಗಿನ ಜಾವ ನಾಲ್ಕಕ್ಕೆ ಗೆಸ್ಟ್‌ಹೌಸಿನ ಬಾಗಿಲು ತೆಗೆದರೆ ಕತ್ತಲಲ್ಲಿ ಒಂದು ಸಿಗರೇಟಿನ ತುದಿ ಕೆಂಪಗೆ ಹೊಳೆಯುತ್ತದೆ. ವಿಲನ್ ಕಡೆಯ ಇಬ್ಬರು ಆಗಲೇ ಅಲ್ಲಿ ಕೂತಿದ್ದಾರೆ.

ಮೊದಲ ಓದಿನಲ್ಲಿ ಆ ಸಿಗರೇಟಿನ ತುದಿ ನೋಡಿ ನನಗೆ ಜೀವ ಹಾರಿಹೋಯಿತು. ಒಂದು ಚಿಹ್ನೆಯನ್ನೂ ಹಾಕಲಿಲ್ಲ.

ಎರಡನೇ ಓದಿನಲ್ಲಿ ಹಾಳೆಯ ಕೊನೆಯ ಕಾಲಂ ತುಂಬಲು ಹೋದೆ. ಆ ಜಾಗ ಅವರಿಗೆ ಹೇಗೆ ಗೊತ್ತಾಯಿತು? ಹಿಂಬಾಲಿಸಿ ಬಂದಿರಬಹುದಾ? ಇಲ್ಲ, ಅವಳಿಗಿಂತ ಮೊದಲೇ ಬಂದು ಕೂತಿದ್ದಾರೆ, ಮೇಲಾಗಿ ರಸ್ತೆ ಖಾಲಿ ಇತ್ತು ಅಂತ ಲೇಖಕರೇ ಎರಡು ಸಲ ಹೇಳಿದ್ದಾರೆ. ಫೋನ್ ಲೊಕೇಶನ್? ಫೋನ್ ಮನೆಯಲ್ಲಿದೆ. ಸಹೋದ್ಯೋಗಿ ಸಾಯುವ ಮೊದಲು ಬಾಯಿ ಬಿಟ್ಟನಾ? ಹದಿನಾರನೇ ಅಧ್ಯಾಯದಲ್ಲಿ ವಿಲನ್ನೇ "ಅವನು ಒಂದು ಮಾತೂ ಆಡದೆ ಸತ್ತ" ಅಂತ ಹಲ್ಲು ಕಡಿಯುತ್ತಾನೆ. ಆ ಮಾತು ಅವನ ಸಿಟ್ಟು ತೋರಿಸಲು ಬರೆದದ್ದು, ಚೆನ್ನಾಗಿಯೂ ಇದೆ. ಆದರೆ ಉಳಿದಿದ್ದ ಒಂದೇ ಒಂದು ಬಾಗಿಲನ್ನೂ ಅದು ಹಾಕಿಬಿಟ್ಟಿತು.

ನಾನು ಲೇಖಕರಿಗೆ ಬರೆದದ್ದು ಇಷ್ಟೇ: "ಹದಿನಾಲ್ಕನೇ ಅಧ್ಯಾಯದಲ್ಲಿ ಆ ಇಬ್ಬರಿಗೆ ಗೆಸ್ಟ್‌ಹೌಸಿನ ವಿಷಯ ಯಾರು ಹೇಳಿದರು?" ಅರ್ಧ ಗಂಟೆಯಲ್ಲಿ ಫೋನ್ ಬಂತು. "ಅಯ್ಯೋ, ಅವಳು ದಾರಿಯಲ್ಲಿ ಪೆಟ್ರೋಲ್ ಬಂಕಿನಿಂದ ತಮ್ಮನಿಗೆ ಫೋನ್ ಮಾಡಿ ಎಲ್ಲಿಗೆ ಹೋಗ್ತಿದ್ದೀನಿ ಅಂತ ಹೇಳ್ತಾಳಲ್ಲ, ತಮ್ಮನ ಫೋನನ್ನ ಅವರು ಕದ್ದು ಕೇಳ್ತಿದ್ರು!" ಅಂತಹ ಅಧ್ಯಾಯ ನನ್ನ ಪ್ರತಿಯಲ್ಲಿ ಇರಲೇ ಇಲ್ಲ. ಕಥೆ ಅಲ್ಲಿ ನಿಧಾನವಾಗುತ್ತದೆ ಅಂತ ಅವರೇ ಎರಡನೇ ಡ್ರಾಫ್ಟಿನ ನಂತರ ಅದನ್ನು ಕಿತ್ತು ಹಾಕಿದ್ದರು. ಹಾಳೆಯಿಂದ ಹೋಯಿತು, ತಲೆಯಿಂದ ಹೋಗಲಿಲ್ಲ.

ನಾನು ನೋಡಿದ ಮಟ್ಟಿಗೆ ದೊಡ್ಡ ತೂತುಗಳಲ್ಲಿ ಜಾಸ್ತಿ ಇಂಥವೇ. ಲೇಖಕರಿಗೆ ಯೋಚನೆ ಸಾಲದೆ ಆದದ್ದಲ್ಲ, ಒಂದು ಕಾಲಕ್ಕೆ ಸರಿಯಾಗೇ ಇದ್ದದ್ದನ್ನು ಕತ್ತರಿಸಿದಾಗ ಉಳಿದ ಗಾಯ. ಅದಕ್ಕೇ ಅವರು ಎಷ್ಟು ಸಲ ಓದಿದರೂ ಅವರಿಗೆ ಕಾಣುವುದಿಲ್ಲ, ಕಿತ್ತ ಅಧ್ಯಾಯವನ್ನು ಅವರ ಮನಸ್ಸು ಈಗಲೂ ಓದುತ್ತಲೇ ಇರುತ್ತದೆ. ಇಂಥ ಗಾಯ ಪತ್ತೆ ಹಚ್ಚಲು ಒಂದು ಸುಳಿವು ಹೇಳುತ್ತೇನೆ: ಪಾತ್ರಗಳು "ಅವತ್ತು ಹೇಳಿದೆನಲ್ಲ" ಅಂತ ನಾವು ಕೇಳಿಯೇ ಇರದ ಮಾತನ್ನು ನೆನಪಿಸಿಕೊಳ್ಳುತ್ತವೆ. ಒಂದು ಗಾಯ ಸಿಕ್ಕಿದರೆ ಅದರ ಆಚೀಚೆಯ ನಾಲ್ಕೈದು ಅಧ್ಯಾಯ ಹುಷಾರಾಗಿ ನೋಡಿ, ಇನ್ನೊಂದು ಸಿಗುತ್ತದೆ.

ಇಲ್ಲೂ ಸಿಕ್ಕಿತು. ಗೆಸ್ಟ್‌ಹೌಸ್ 340 ಕಿಲೋಮೀಟರ್ ದೂರ ಅಂತ ಎಂಟನೇ ಅಧ್ಯಾಯದಲ್ಲಿ ಬರುತ್ತದೆ. 12.30ಕ್ಕೆ ಹೊರಟು ನಾಲ್ಕಕ್ಕೆ ತಲುಪಬೇಕಾದರೆ ಮೂರೂವರೆ ಗಂಟೆ, ಅಂದರೆ ಎಲ್ಲೂ ನಿಲ್ಲದೆ ಗಂಟೆಗೆ ಸರಾಸರಿ 97 ಕಿಲೋಮೀಟರ್. ರಾತ್ರಿ, ಮಳೆ, ಕೊನೆಯ 60 ಕಿಲೋಮೀಟರ್ ತಿರುವುಗಳ ಬೆಟ್ಟದ ರಸ್ತೆ! ಅಂಕಿ ಒಂದನ್ನು ಬದಲಾಯಿಸಿದರೆ ಆಯಿತಲ್ಲ ಅನ್ನಬಹುದು, ಆದರೆ ಮೂವತ್ತನೇ ಅಧ್ಯಾಯದಲ್ಲಿ ಅದೇ ದಾರಿಯಲ್ಲಿ ವಾಪಸ್ ಬರಲು ಅವಳಿಗೆ ಎಂಟು ಗಂಟೆ ಬೇಕಾಗುತ್ತದೆ, ಆ ಎಂಟು ಗಂಟೆಯ ಮೇಲೆ ಕ್ಲೈಮ್ಯಾಕ್ಸ್ ನಿಂತಿದೆ. ಹೀಗೆ ಒಂದು ದಾರ ಎಳೆದರೆ ಎಲ್ಲಿ ಬಿಚ್ಚುತ್ತದೆ ಅಂತ ಹೇಳುವುದು ಓದುಗನ ಕೆಲಸ, ಹೊಲಿಯುವುದು ಲೇಖಕರ ಕೆಲಸ.

ಇನ್ನು ಕಾಕತಾಳೀಯ. ಇದೇ ಕಥೆಯಲ್ಲಿ ಅವಳು ಗೆಸ್ಟ್‌ಹೌಸಿನ ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಇಳಿಜಾರಿನಲ್ಲಿ ಓಡಿ ರಸ್ತೆಗೆ ಬರುತ್ತಾಳೆ. ಮೊದಲು ಬಂದ ಲಾರಿಗೆ ಕೈ ಅಡ್ಡ ಹಿಡಿಯುತ್ತಾಳೆ. ಡ್ರೈವರ್ ಯಾರು? ತೀರಿಕೊಂಡ ಅವಳ ಅಪ್ಪನ ಬಳಿ ಹಿಂದೆ ಕೆಲಸಕ್ಕಿದ್ದವನು! "ಏನಮ್ಮಾ, ನೀವಾ?" ಅನ್ನುತ್ತಾನೆ. ನಾನು ಹಸ್ತಪ್ರತಿ ಕೆಳಗಿಟ್ಟೆ.

ಲೇಖಕರು ಬೇಜಾರು ಮಾಡಿಕೊಂಡರು. ಜೀವನದಲ್ಲಿ ಹೀಗೆ ಆಗುವುದಿಲ್ವಾ ಅಂದರು. ಆಗುತ್ತದೆ, ನನಗೇ ಆಗಿದೆ. ಆದರೆ ಜೀವನವನ್ನು ಯಾರೋ ಕೂತು ಬರೆಯುತ್ತಿದ್ದಾರೆ ಅಂತ ಅನುಮಾನ ಬರುವುದಿಲ್ಲ, ಪುಸ್ತಕದ ವಿಷಯದಲ್ಲಿ ಆ ಅನುಮಾನ ಸದಾ ಇರುತ್ತದೆ. ಹಾಗಂತ ಕಾಕತಾಳೀಯವೇ ಬೇಡ ಅಂತಲ್ಲ. ಅದೇ ಕಥೆಯ ಮೊದಲ ಅಧ್ಯಾಯದಲ್ಲಿ ಬೇರೆಯವರಿಗೆ ಬಂದ ಕವರನ್ನು ಅವಳು ಗೊತ್ತಿಲ್ಲದೆ ಒಡೆಯುತ್ತಾಳೆ, ಅದರಿಂದಲೇ ಕಥೆ ಶುರು. ಅದೂ ಶುದ್ಧ ಕಾಕತಾಳೀಯ, ಆದರೆ ನನಗೆ ಒಂದು ಚೂರೂ ಕಿರಿಕಿರಿ ಆಗಲಿಲ್ಲ. ಯಾಕೆಂದರೆ ಅದು ಅವಳನ್ನು ಕಷ್ಟಕ್ಕೆ ತಳ್ಳಿತು. ಲಾರಿ ಡ್ರೈವರ್ ಅವಳನ್ನು ಕಷ್ಟದಿಂದ ಎತ್ತಿಬಿಟ್ಟ. ವ್ಯತ್ಯಾಸ ಇರುವುದು ಅಷ್ಟರಲ್ಲೇ. ಇದು ಹಳೆಯ ತಿಳಿವಳಿಕೆ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಅಂತ ಹತ್ತು ನಿಯಮ ಬರೆದಾಗ, ಆಕಸ್ಮಿಕ ಯಾವತ್ತೂ ಪತ್ತೇದಾರನಿಗೆ ಸಹಾಯ ಮಾಡಬಾರದು ಅನ್ನುವುದು ಅದರಲ್ಲೊಂದು.

ಲೇಖಕರು ಮೊದಲು ಮಾಡಿದ ರಿಪೇರಿ ನನಗೆ ಹಿಡಿಸಲಿಲ್ಲ. ಹದಿಮೂರನೇ ಅಧ್ಯಾಯದಲ್ಲಿ ಅವಳು ಕಾರು ಓಡಿಸುತ್ತಾ ಸುಮ್ನೆ ಅಪ್ಪನ ಹಳೇ ಡ್ರೈವರನ್ನು ನೆನಪಿಸಿಕೊಳ್ಳುವ ಒಂದು ಪ್ಯಾರಾ ಸೇರಿಸಿದರು. ಇದರಿಂದ ಇನ್ನೂ ಹಾಳು. ಈಗ ನೆನಪಿಸಿಕೊಂಡಳು, ಈಗಲೇ ಬಂದ! ಮುಂಚೆ ಬಿತ್ತಿದ ವಿಷಯಕ್ಕೆ ಬಿತ್ತಿದ ಜಾಗದಲ್ಲೂ ಏನಾದರೂ ಕೆಲಸ ಇರಬೇಕು, ಇಲ್ಲದಿದ್ದರೆ ಓದುಗನಿಗೆ ವಾಸನೆ ಹೊಡೆಯುತ್ತದೆ.

ಎರಡನೇ ರಿಪೇರಿ ಚೆನ್ನಾಗಿತ್ತು, ಅದು ಅವರದೇ ಯೋಚನೆ. ಆರನೇ ಅಧ್ಯಾಯದಲ್ಲಿ ಅವಳು ಕಳ್ಳಬಿಲ್ಲು ಹಿಡಿಯುವ ದೃಶ್ಯ ಮೊದಲೇ ಇತ್ತು. ಅದರಲ್ಲಿ ಬಿಲ್ಲು ಸುಳ್ಳು ಅಂತ ಗೊತ್ತಾಗುವುದನ್ನೇ ಲಾರಿಯ ಹೊತ್ತಿನ ಮೇಲೆ ತಂದರು: ಬೆಟ್ಟದಿಂದ ಸರಕಿನ ಲಾರಿ ಇಳಿಯುವುದು ಬೆಳಗಿನ ಜಾವ 4.30ಕ್ಕೆ ಮಾತ್ರ, ಬಿಲ್ಲಿನಲ್ಲಿ ಮಧ್ಯಾಹ್ನ ಅಂತಿದೆ. ಎಂಟು ಅಧ್ಯಾಯ ಆದಮೇಲೆ ಅವಳು ಪೊದೆಯಲ್ಲಿ ಅವಿತು ವಾಚ್ ನೋಡುತ್ತಾಳೆ, 4.22. ಇನ್ನು ಎಂಟು ನಿಮಿಷ. ಟಾರ್ಚುಗಳು ಇಳಿಜಾರಿನಲ್ಲಿ ಇಳಿದು ಬರುತ್ತಿವೆ. ಲಾರಿ ಅದೇ, ರಸ್ತೆ ಅದೇ. ಡ್ರೈವರ್ ಮಾತ್ರ ಯಾರೋ ಅಪರಿಚಿತ, ಅವಳನ್ನು ಹತ್ತಿಸಿಕೊಳ್ಳಲು ಅವನಿಗೆ ಇಷ್ಟವೂ ಇಲ್ಲ. ಅದೃಷ್ಟದಿಂದ ಬದುಕಿದ್ದವಳು ಈಗ ತನಗೆ ಗೊತ್ತಿದ್ದ ವಿಷಯದಿಂದ ಬದುಕಿದಳು, ಜೊತೆಗೆ ಎಂಟು ನಿಮಿಷದ ಪುಕ್ಕಟೆ ಸಸ್ಪೆನ್ಸ್ ಬೇರೆ.

ಸಿಕ್ಕಿದ್ದನ್ನೆಲ್ಲ ಒಂದೇ ತೂಕದಲ್ಲಿ ಹೇಳಬೇಡಿ. ಲಾರಿ ಡ್ರೈವರ್ ನನ್ನ ಓದನ್ನೇ ನಿಲ್ಲಿಸಿದ, ಅದು ಮೊದಲು. ಗೆಸ್ಟ್‌ಹೌಸಿನ ತೂತು ನನಗೆ ಹಾಳೆ ಇಟ್ಟುಕೊಂಡಾಗ ಕಂಡಿತು, ಆದರೆ ಅದರ ಮೇಲೆ ಅರ್ಧ ಪುಸ್ತಕ ನಿಂತಿದೆ, ಅದೂ ಗಂಭೀರ. ಇನ್ನು ಕೆಲವು ಇರುತ್ತವೆ, ಪುಸ್ತಕ ಮುಗಿಸಿ ಮರುದಿನ ಬೇರೇನೋ ಕೆಲಸ ಮಾಡುತ್ತಿರುವಾಗ ತಟ್ಟನೆ ಹೊಳೆಯುವಂಥವು. ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಇಂಥ ದೃಶ್ಯಗಳನ್ನು ಐಸ್‌ಬಾಕ್ಸ್ ದೃಶ್ಯ ಅನ್ನುತ್ತಿದ್ದರು, ಪ್ರೇಕ್ಷಕ ಸಿನಿಮಾ ಮುಗಿಸಿ ಮನೆಗೆ ಹೋಗಿ ಫ್ರಿಜ್ ಬಾಗಿಲು ತೆಗೆದಾಗ ಹೊಳೆಯುವಂಥದ್ದು ಅಂತ. ಅವುಗಳನ್ನು ಪಟ್ಟಿಯ ಕೊನೆಯಲ್ಲಿ ಹಾಕಿ, ಸರಿಮಾಡುವುದು ಬಿಡುವುದು ಲೇಖಕರಿಗೆ ಬಿಟ್ಟದ್ದು. "ಪೊಲೀಸರಿಗೆ ಯಾಕೆ ಹೇಳಲಿಲ್ಲ" ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಒಂದೇ ವಾಕ್ಯದ ಉತ್ತರ ಸಾಕಾಗುತ್ತದೆ, ಆದರೆ ಆ ವಾಕ್ಯ ಪುಸ್ತಕದಲ್ಲಿ ಇರಬೇಕು ಅಷ್ಟೇ. ಪಾತ್ರ ದಡ್ಡತನ ಮಾಡಿದರೆ ಅದು ತೂತಲ್ಲ. ಹೆದರಿದವರು ದಡ್ಡತನ ಮಾಡುತ್ತಾರೆ. ಹತ್ತು ಪುಟದ ಹಿಂದೆ ಫೋನನ್ನು ಮನೆಯಲ್ಲಿ ಬಿಟ್ಟು ಬರುವಷ್ಟು ಜಾಣೆಯಾಗಿದ್ದವಳು ಏಕಾಏಕಿ ದಡ್ಡಿಯಾದರೆ ಮಾತ್ರ ಕೇಳಿ.

ಇಷ್ಟೆಲ್ಲ ಹಾಳೆ, ಕಾಲಂ ಮಾಡಿಕೊಂಡೂ ನನ್ನ ಕೈತಪ್ಪಿದ್ದು ಒಂದಿದೆ. ಅದೇ ಹಸ್ತಪ್ರತಿಯ ಮೂರನೇ ಅಧ್ಯಾಯದಲ್ಲಿ ನಾಯಕಿಗೆ ಒಂದು ನಾಯಿ ಇದೆ, ಅವಳು ಒಂಟಿ, ನಾಯಿಯೇ ಜೊತೆ. ಸೋಮವಾರ ಮಧ್ಯರಾತ್ರಿ ಮನೆ ಬಿಟ್ಟವಳು ವಾಪಸ್ ಬರುವುದು ಶುಕ್ರವಾರ. ನಾನು ವಿಲನ್‌ನ ಪ್ರತಿ ಗಂಟೆಯ ಲೆಕ್ಕ ಇಟ್ಟೆ. ಇನ್ನೊಬ್ಬ ಬೀಟಾ ರೀಡರ್ ಕಳಿಸಿದ್ದು ಒಂದೇ ಸಾಲು: "ನಾಲ್ಕು ದಿನ ಆ ನಾಯಿಗೆ ಊಟ ಹಾಕಿದ್ದು ಯಾರು?"