ಹುಕ್ಕಿನ ಎತ್ತರ ಪಿಎಲ್‌ಸಿಗೆ ಗೊತ್ತು, ಸ್ಲಿಂಗಿನ ಉದ್ದ ಗೊತ್ತಿಲ್ಲ

ಕಾರವಾರದ ಹತ್ರ ನಮ್ಮ ಫ್ಯಾಬ್ರಿಕೇಶನ್ ಯಾರ್ಡಿನ ಗ್ಯಾಂಟ್ರಿ ಕ್ರೇನಿನ ಪಿಎಲ್‌ಸಿಗೆ, ಅಂದ್ರೆ ಅದನ್ನ ನಡೆಸೋ ಕಂಟ್ರೋಲರಿಗೆ, ಲೋಡ್ ತೂಗಾಡದ ಹಾಗೆ ಸ್ಪೀಡ್ ಕಮಾಂಡನ್ನ ಬಿಡಿಸಿ ಕೊಡೋ ಇನ್‌ಪುಟ್ ಶೇಪಿಂಗ್ ಹಾಕ್ಸಿದ್ವಿ. ಟ್ರಯಲ್ ದಿನ ವೆಂಡರ್ ಹುಡುಗ ಹುಕ್ಕಿಗೆ ಗಿಡ್ಡ ಸ್ಲಿಂಗಲ್ಲಿ ಟೆಸ್ಟ್ ವೇಟ್ ಕಟ್ಟಿ, 40 ಮೀಟರ್ ಪರ್ ಮಿನಿಟ್ ಸ್ಪೀಡಲ್ಲಿ ಓಡಿಸಿ ನಿಲ್ಲಿಸ್ದ. ವೇಟ್ ಅಲ್ಲಾಡಲೇ ಇಲ್ಲ. ಮ್ಯಾನೇಜರ್ ವೀಡಿಯೋ ತೆಗೆದು ಗ್ರೂಪಿಗೆ ಹಾಕಿದ್ರು, ಸೈನ್ ಆಯ್ತು, ವೆಂಡರ್ ರಾತ್ರಿ ಬಸ್ ಹತ್ತಿದ.

ಆಮೇಲೆ ಮೊದಲ ಪೈಪ್ ಸ್ಪೂಲ್ ಎತ್ತಿದ್ವಿ. ಉದ್ದದ ಪೀಸು, ಸ್ಲಿಂಗೂ ಉದ್ದ. ಸ್ಟ್ಯಾಂಡ್ ಹತ್ರ ಬಂದು ಆಪರೇಟರ್ ಬಟನ್ ಬಿಟ್ರು, ಗ್ಯಾಂಟ್ರಿ ನಿಂತ್ತು, ಸ್ಪೂಲ್ ಮಾತ್ರ ನಿಲ್ಲಲಿಲ್ಲ. ಲೋಡಿಗೆ ಕಟ್ಟಿದ ಟ್ಯಾಗ್ ಲೈನ್ ಹಗ್ಗ ಹಿಡ್ದಿದ್ದ ಇಬ್ರೂ ಹಿಂದೆ ಸರಿದ್ರು, ಅತ್ಲಾಗಿಂದ ಇತ್ಲಾಗೆ ಬರೋ ಲೋಡನ್ನ ನೋಡ್ಕೊಂಡು ಎಲ್ಲರೂ ಸುಮ್ನೆ ನಿಂತ್ವಿ, ಯಾಕಂದ್ರೆ ಆ ಹೊತ್ತಲ್ಲಿ ಯಾರಾದ್ರೂ ಬಟನ್ ಮುಟ್ಟಿದ್ರೆ ತೂಗಾಟ ಇನ್ನೂ ಜಾಸ್ತಿ ಆಗೋ ಚಾನ್ಸೇ ಹೆಚ್ಚು. ಆಪರೇಟರ್ ಮೇಲಿಂದ, "ಎಂಥದ ಮಾರಾಯ, ಇದ್ಕಿಂತ ನನ್ನ ಕೈಯೇ ಅಡ್ಡಿಲ್ಲ ಆಗಿತ್ತಲ" ಅಂದ್ರು.

ನಾನು ಮೊದಲು ಹಗ್ಗ ಎಷ್ಟು ಇಳಿದಿದೆ ಅಂತ ಅಳೆಯೋ ಹೋಯ್ಸ್ಟ್ ಎನ್‌ಕೋಡರನ್ನ ಅನುಮಾನಿಸ್ದೆ, ಅದು ಸರಿಯಾಗೇ ಇತ್ತು. ಕೊನೆಗೆ ಹಳೇ ದಾರಿನೇ ಹಿಡ್ದೆ: ಫೋನಿನ ಸ್ಟಾಪ್‌ವಾಚಲ್ಲಿ ಹತ್ತು ತೂಗಾಟ ಎಣಿಸೋದು. 60 ಸೆಕೆಂಡ್ ಬಂತು, ಅಂದ್ರೆ ಒಂದಕ್ಕೆ 6. ಶೇಪರ್ ಲೆಕ್ಕ ಹಾಕಿ ಸ್ಕ್ರೀನಲ್ಲಿ ತೋರಿಸ್ತಿದ್ದಿದ್ದು 4.9.

ಲೆಕ್ಕ ಸಣ್ಣದು, T = 2π√(L/g). ಟ್ರಾಲಿಯಿಂದ ಹುಕ್ಕಿಗೆ 6 ಮೀಟರ್ ಇದ್ರೆ 4.9 ಸೆಕೆಂಡ್. ಆದ್ರೆ ತೂಗೋದು ಹುಕ್ಕಲ್ಲ, ಲೋಡಿನ ಸೆಂಟರ್ ಆಫ್ ಗ್ರಾವಿಟಿ. ಅದು ಹುಕ್ಕಿಂದ 3 ಮೀಟರ್ ಕೆಳಗಿತ್ತು, ಒಟ್ಟು 9, ಹಂಗಾಗಿ 6 ಸೆಕೆಂಡ್. ಎನ್‌ಕೋಡರ್ ಹೇಳೋದು ಹಗ್ಗದ ಉದ್ದ ಅಷ್ಟೇ, ಸ್ಲಿಂಗ್ ಎಷ್ಟುದ್ದ ಕಟ್ಟಿದೀವಿ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು.

ನಾವು ಹಾಕ್ಸಿದ್ದು ಝಡ್‌ವಿ ಅನ್ನೋ ಶೇಪರ್, ಅದು ಮಾಡೋದು ಇಷ್ಟು: ನೀವು ಕೊಟ್ಟ ಸ್ಪೀಡ್ ಕಮಾಂಡಲ್ಲಿ ಅರ್ಧನ ಈಗ ಕೊಡತ್ತೆ, ಇನ್ನರ್ಧನ ಅರ್ಧ ತೂಗಾಟದ ಹೊತ್ತು ಬಿಟ್ಟು ಕೊಡತ್ತೆ. ಮೊದಲನೇದು ಎಬ್ಬಿಸಿದ ತೂಗಾಟನ ಎರಡನೇದು ಎದುರಿಂದ ಬಂದು ಹೊಡೆದುಹಾಕತ್ತೆ. ನಮ್ದಕ್ಕೆ ಎರಡನೇ ಅರ್ಧ 3 ಸೆಕೆಂಡಿಗೆ ಬರ್ಬೇಕಿತ್ತು, 2.46ಕ್ಕೇ ಬಂತು. ಅಷ್ಟು ತಪ್ಪಿದ್ರೆ ಶೇಪರ್ ಇಲ್ದೇ ಇದ್ದಾಗಿನ ತೂಗಾಟದಲ್ಲಿ ಸುಮಾರು 28% ಉಳ್ಕೊಳ್ಳತ್ತೆ. ಹೊರಡುವಾಗ ಉಳಿದಿದ್ದು, ನಿಲ್ಲುವಾಗ ಉಳಿದಿದ್ದು ಎರಡೂ ಒಂದೇ ದಿಕ್ಕಿಗೆ ಸೇರ್ಕೊಂಡ್ರೆ ಅದರ ಡಬಲ್.

ವೆಂಡರಿಗೆ ಫೋನ್ ಮಾಡಿದ್ರೆ "ಝಡ್‌ವಿಡಿ ಹಾಕಿ ಸರ್" ಅಂದ. ಅದು ಕಮಾಂಡನ್ನ ಕಾಲು, ಅರ್ಧ, ಕಾಲು ಅಂತ ಮೂರು ಮಾಡತ್ತೆ, ಅಷ್ಟೇ ತಪ್ಪು ಉದ್ದ ಇಟ್ರೂ ಉಳಿಯೋದು 8% ಅಷ್ಟೆ. ಹೇಳಿದ್ದು ಸುಳ್ಳಲ್ಲ. ಆದ್ರೆ ಬಟನ್ ಬಿಟ್ಮೇಲೆ ಕ್ರೇನ್ ಇನ್ನೂ ಎಷ್ಟು ಓಡತ್ತೆ ಅನ್ನೋದನ್ನ ಅವ್ನು ಹೇಳಲ್ಲ. ಝಡ್‌ವಿಯಲ್ಲಿ ಮಾಮೂಲಿಗಿಂತ ಸುಮಾರು 80 ಸೆಂಟಿಮೀಟರ್ ಜಾಸ್ತಿ, ಝಡ್‌ವಿಡಿಯಲ್ಲಿ ಒಂದೂವರೆ ಮೀಟರಿಗೂ ಜಾಸ್ತಿ. ಒಂದು ಶಿಫ್ಟ್ ಓಡಿಸಿ ಆಪರೇಟರ್ರು ಬೇಡವೇ ಬೇಡ ಅಂದ್ರು. ಸರಿ ಅಂತ ಝಡ್‌ವಿನೇ ಇಟ್ಕೊಂಡು, ಸ್ಕ್ರೀನಲ್ಲಿ ಸ್ಲಿಂಗ್ ಉದ್ದ ಆರಿಸೋ ಮೂರು ಬಟನ್ ಮಾಡಿಸಿದ್ವಿ, ಗಿಡ್ಡ, ಮಧ್ಯಮ, ಉದ್ದ. ಹುಕ್ ಬ್ಲಾಕಿಗಿಂತ ಲೋಡ್ ಎಷ್ಟೋ ಪಟ್ಟು ಭಾರ ಇರೋದ್ರಿಂದ ಹಿಂಗೆ ಉದ್ದ ಕೂಡಿಸಿದ್ರೆ ನಡಿಯತ್ತೆ. ಹಗೂರ ಲೋಡಾದ್ರೆ ಹುಕ್ಕೇ ಬೇರೆ, ಲೋಡೇ ಬೇರೆ ತೂಗತ್ತೆ, ಅಲ್ಲಿ ಈ ಲೆಕ್ಕ ಆಗಲ್ಲ. ಎಮರ್ಜೆನ್ಸಿ ಸ್ಟಾಪು, ಕೊನೇ ಲಿಮಿಟ್ ಸ್ವಿಚ್ಚು ಎರಡೂ ಶೇಪರ್ ದಾಟದೇ ನೇರ ಬ್ರೇಕಿಗೆ ಹೋಗ್ತಾವಾ ಅಂತ ನಾವೇ ಒತ್ತಿ ನೋಡಿದ್ವಿ, ಹೋಗ್ತಿದ್ವು.

ಇಷ್ಟೆಲ್ಲ ಆಗಿ ಸರಿ ಹೋಯ್ತು ಅನ್ನೋವಾಗ ಮತ್ತೆ ತೂಗೋಕೆ ಶುರು. ಈ ಸಲ ಬಟನ್ ಸರಿ, ಉದ್ದ ಸರಿ. ನೋಡಿದ್ರೆ ಎಲೆಕ್ಟ್ರಿಕಲ್ ಕಡೆಯವ್ರು "ಝಟ್ಕಾ ಕಮ್ಮಿ ಆಗ್ಲಿ" ಅಂತ ಮೋಟರ್ ಸ್ಪೀಡ್ ನಡೆಸೋ ವಿಎಫ್‌ಡಿ ಡ್ರೈವಲ್ಲಿ ಪೂರ್ತಿ ಸ್ಪೀಡಿಗೆ ಏರೋ ರ‍್ಯಾಂಪ್ ಟೈಮನ್ನ 2 ಸೆಕೆಂಡಿಂದ 8ಕ್ಕೆ ಏರಿಸಿದಾರೆ, ಯಾರಿಗೂ ಹೇಳ್ಲಿಲ್ಲ. 8 ಸೆಕೆಂಡ್ ರ‍್ಯಾಂಪಲ್ಲಿ ಅರ್ಧ ಸ್ಪೀಡಿಗೆ ಹೋಗೋಕೇ 4 ಸೆಕೆಂಡ್ ಬೇಕು, ಎರಡನೇ ಅರ್ಧ ಕಮಾಂಡು 3 ಸೆಕೆಂಡಿಗೇ ಬಂದು ನಿಂತಿರತ್ತೆ, ಹಂಗಾಗಿ ಡ್ರೈವ್ ಎರಡನ್ನೂ ಸೇರಿಸಿ ಒಂದೇ ಏರು ಮಾಡಿಬಿಡತ್ತೆ. ಶೇಪರ್ ಆನ್ ಅಂತ ಸ್ಕ್ರೀನ್ ತೋರಿಸ್ತಾನೇ ಇರತ್ತೆ, ಮೋಟರಿಗೆ ಮುಟ್ಟಿರೋದೇ ಇಲ್ಲ. ಡ್ರೈವಿನ ಔಟ್‌ಪುಟ್ ಸ್ಪೀಡ್ ಟ್ರೆಂಡ್ ತೆಗೆದಾಗ ಮಧ್ಯದ ಮೆಟ್ಟಿಲೇ ಕಾಣ್ಲಿಲ್ಲ, ಆಗ್ಲೇ ಗೊತ್ತಾಗಿದ್ದು. ಈಗ ಆ ಪ್ಯಾರಾಮೀಟರಿಗೆ ಪಾಸ್‌ವರ್ಡ್ ಇದೆ.

ಮ್ಯಾನೇಜ್‌ಮೆಂಟಿನ ಹೊಸ ಐಡಿಯಾ ಏನಂದ್ರೆ, ತೂಗಾಟ ಇಲ್ವಲ್ಲ, ಟ್ಯಾಗ್ ಲೈನ್ ಹಿಡಿಯೋ ಇಬ್ರನ್ನ ಬೇರೆ ಕಡೆ ಹಾಕೋಣ ಅಂತ. ಶೇಪರ್ ಅಳಿಸೋದು ಕ್ರೇನು ತಾನೇ ಎಬ್ಬಿಸಿದ ತೂಗಾಟನ ಮಾತ್ರ. ಜೂನಲ್ಲಿ ಕಡಲ ಕಡೆಯಿಂದ ಬರೋ ಗಾಳಿ ಸ್ಪೂಲಿಗೆ ಹೊಡೆದ್ರೆ ಅದಕ್ಕೆ ಗೊತ್ತೇ ಆಗಲ್ಲ, ಸೆನ್ಸರೂ ಇಲ್ಲ, ಫೀಡ್‌ಬ್ಯಾಕೂ ಇಲ್ಲ. ಇದನ್ನ ಮೀಟಿಂಗಲ್ಲಿ ಹೇಳಿದೀನಿ, ಮಿನಿಟ್ಸಲ್ಲಿ ಬಂದಿಲ್ಲ, ಅದಕ್ಕೇ ಮತ್ತೆ ಮೇಲ್ ಹಾಕ್ದೆ.