ಕರೆನ್ಸಿ ಕದಲದಿದ್ದರೂ ಡಚ್ ಡಿಸೀಸ್ ಬರುತ್ತದೆ

ರಫ್ತು ಮಾಡುವ ಕಾರ್ಖಾನೆಗಳಿಗೆ ಸಾಲ ಕೊಡಬಹುದಾ ಅಂತ ನೋಡುವುದು ನನ್ನ ಕೆಲಸ. ತೈಲವೋ ಗ್ಯಾಸೋ ಹೇರಳವಾಗಿ ಸಿಕ್ಕಿರುವ ದೇಶದಿಂದ ಅರ್ಜಿ ಬಂದರೆ, ಜೊತೆಗಿನ ಟಿಪ್ಪಣಿಯಲ್ಲಿ ಬಹಳ ಸಲ ಈ ಸಾಲು ಇರುತ್ತದೆ: 'ಡಾಲರ್ ಎದುರು ಕರೆನ್ಸಿ ಸ್ಥಿರ, ವಿನಿಮಯದ ರಿಸ್ಕ್ ಕಡಿಮೆ.' ಅದು ಕಣ್ಣಿಗೆ ಬಿದ್ದ ಕೂಡಲೇ ನಾನು ಕೇಳುವುದು ಸಂಬಳದ ಪಟ್ಟಿ.

ಡಚ್ ಡಿಸೀಸ್ ಅಂದರೆ ಎಲ್ಲರ ತಲೆಗೂ ಮೊದಲು ಬರುವುದು ನೆದರ್ಲೆಂಡ್ಸ್ ಕಥೆ. 1959ರಲ್ಲಿ ಗ್ರೋನಿಂಗೆನ್‌ನಲ್ಲಿ ಭಾರಿ ಗ್ಯಾಸ್ ನಿಕ್ಷೇಪ ಸಿಕ್ಕಿತು, ರಫ್ತು ಶುರುವಾಯಿತು, ಅಲ್ಲಿನ ಕರೆನ್ಸಿ ಗಿಲ್ಡರ್ ಬಲವಾಯಿತು, ಉಳಿದ ಕಾರ್ಖಾನೆಗಳ ಮಾಲು ಹೊರದೇಶದಲ್ಲಿ ದುಬಾರಿಯಾಯಿತು. 1977ರಲ್ಲಿ 'ದಿ ಎಕನಾಮಿಸ್ಟ್' ಪತ್ರಿಕೆ ಇದಕ್ಕೆ ಈ ಹೆಸರಿಟ್ಟಿತು. ಹೀಗಾಗಿ ಕಾಯಿಲೆ ಇದೆಯೋ ಇಲ್ಲವೋ ನೋಡಲು ಜನ ವಿನಿಮಯ ದರದ ಚಾರ್ಟ್ ತೆಗೆದು ಕೂರುತ್ತಾರೆ. ಅರ್ಧ ಕಥೆ ಅಲ್ಲಿ ಕಾಣುವುದೇ ಇಲ್ಲ.

ಪಂಪ್ ತಯಾರಿಸುವ ಒಂದು ಕಾರ್ಖಾನೆಯ ಲೆಕ್ಕ ಹೇಳುತ್ತೇನೆ. ಸುಲಭವಾಗಲಿ ಅಂತ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಒಂದು ಪಂಪ್ 100 ಡಾಲರ್‌ಗೆ ಮಾರಾಟ. ಆ ಬೆಲೆಯನ್ನು ವಿಶ್ವ ಮಾರುಕಟ್ಟೆ ಗೊತ್ತು ಮಾಡುತ್ತದೆ, ಮಾಲೀಕ ಏರಿಸುವ ಹಾಗಿಲ್ಲ. ಹೊರಗಿನಿಂದ ತರಿಸುವ ಕಬ್ಬಿಣ, ಮೋಟರ್‌ಗೆ 50 ಡಾಲರ್. ಸಂಬಳ, ಬಾಡಿಗೆ, ಸಾಗಣೆಗೆ ಅಲ್ಲಿನ ಹಣದಲ್ಲಿ 200. ಡಾಲರ್‌ಗೆ 5ರ ದರದಲ್ಲಿ ಅದು 40 ಡಾಲರ್. ಉಳಿಯುವುದು 10.

ಈಗ ತೈಲದ ಡಾಲರ್ ಹರಿದು ಬಂದು ಅಲ್ಲಿನ ಹಣ ಬಲವಾಯಿತು, ಡಾಲರ್‌ನ ದರ 5ರಿಂದ 4ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ. ಕಬ್ಬಿಣ, ಮೋಟರ್ ಡಾಲರ್ ಲೆಕ್ಕದಲ್ಲಿ ಅಷ್ಟೇ ಇರುತ್ತವೆ. ಒಳಗಿನ ಖರ್ಚು 200 ಮಾತ್ರ 50 ಡಾಲರ್ ಆಗುತ್ತದೆ. ಲಾಭ ಸೊನ್ನೆ.

ದರವನ್ನು ಸರ್ಕಾರ 5ಕ್ಕೇ ಕಟ್ಟಿಹಾಕಿದ್ದರೆ? ತೈಲ ಬಾವಿಯಲ್ಲಿ ಕೆಲಸ ಮಾಡುವವರು ಕಡಿಮೆ, ಅದರ ಹಣ ಮಾತ್ರ ಸರ್ಕಾರದ ಮೂಲಕ ಊರೆಲ್ಲ ಸುತ್ತುತ್ತದೆ. ರಸ್ತೆ, ಕಟ್ಟಡ, ಹೊಸ ಕಚೇರಿಗಳು. ಮೇಸ್ತ್ರಿ, ಡ್ರೈವರ್, ಎಲೆಕ್ಟ್ರಿಷಿಯನ್ ಎಲ್ಲರಿಗೂ ಬೇಡಿಕೆ. ಪಂಪನ್ನು ಹೊರಗಿನಿಂದ ತರಿಸಬಹುದು, ಗೋಡೆ ಕಟ್ಟುವ ಕೆಲಸವನ್ನು ತರಿಸಲಾಗುವುದಿಲ್ಲ ಅಲ್ವಾ? ಆದ್ದರಿಂದ ಅದರ ಕೂಲಿ ಏರುತ್ತದೆ, ಪಂಪ್ ಕಾರ್ಖಾನೆಯೂ ಅದಕ್ಕೆ ಸರಿಸಮ ಕೊಡದಿದ್ದರೆ ಜನ ನಿಲ್ಲುವುದಿಲ್ಲ. 200 ಇದ್ದ ಖರ್ಚು 250 ಆಯಿತು. 5ರಿಂದ ಭಾಗಿಸಿದರೆ 50 ಡಾಲರ್. ಮತ್ತೆ ಲಾಭ ಸೊನ್ನೆ, ಆದರೆ ಚಾರ್ಟ್‌ನಲ್ಲಿ ಗೆರೆ ನೆಟ್ಟಗೇ ಇದೆ.

ಅರ್ಥಶಾಸ್ತ್ರದವರು ಇದನ್ನು ನೈಜ ವಿನಿಮಯ ದರ ಏರುವುದು ಅನ್ನುತ್ತಾರೆ. ಕರೆನ್ಸಿ ಬಲವಾಗಿ ಏರಲಿ, ಒಳಗಿನ ಬೆಲೆ ಹೆಚ್ಚಿ ಏರಲಿ, ಕಾರ್ಖಾನೆಗೆ ಬೀಳುವ ಏಟು ಒಂದೇ. ಗುರುತು ಹಿಡಿಯಲು ನಾನು ನೋಡುವುದು ಒಂದು ಜೋಡಿ: ಕಾವಲುಗಾರ, ಡ್ರೈವರ್‌ಗಳ ಸಂಬಳ ಎಷ್ಟು ಏರಿದೆ, ಅದೇ ಹೊತ್ತಿನಲ್ಲಿ ಕಾರ್ಖಾನೆಯ ಮಾರಾಟದ ಬೆಲೆ ಎಷ್ಟು ಏರಿದೆ. ಮೊದಲನೆಯದು ಓಡುತ್ತಿದ್ದು, ಎರಡನೆಯದು ನಿಂತಲ್ಲೇ ನಿಂತಿದ್ದು, ಜೊತೆಗೆ ಉತ್ಪಾದಕತೆಯೂ ಏರದಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಅನುಮಾನ ಅಷ್ಟೇ. ಎಲ್ಲವನ್ನೂ ತೈಲದ ತಲೆಗೆ ಕಟ್ಟುವ ಚಾಳಿಯೂ ನಮ್ಮ ಕಚೇರಿಗಳಲ್ಲಿ ಇದೆ. ನೈಜೀರಿಯಾವನ್ನೇ ನೋಡಿ. 1970ರ ದಶಕದ ತೈಲದ ಸುಗ್ಗಿಯಲ್ಲಿ ಅಲ್ಲಿನ ಶೇಂಗಾ ರಫ್ತು ನೆಲಕಚ್ಚಿತು. 1980ರಲ್ಲಿ ಒಂದು ನೈರಾಗೆ ಒಂದು ಡಾಲರ್‌ಗಿಂತ ಜಾಸ್ತಿ ಬೆಲೆ ಇತ್ತು. ರೈತನಿಗೆ ಅದು ಏಟೇ ಹೌದು. ಆದರೆ ಅದೇ ದಶಕದಲ್ಲಿ ಬರವೂ ಬಿತ್ತು, ಬೆಳೆಗೆ ರೋಗವೂ ಬಂತು. ಬಿದ್ದದ್ದರಲ್ಲಿ ಯಾವುದರ ಪಾಲು ಎಷ್ಟು ಅಂತ ಬೇರೆ ಮಾಡುವುದು ಕಷ್ಟ. ಸುಮ್ನೆ ಒಂದೇ ಹೆಸರು ಬರೆದು ಕಡತ ಮುಚ್ಚುವವರನ್ನು ನಾನು ನಂಬುವುದಿಲ್ಲ.

ಇನ್ನೊಂದು ಪ್ರಶ್ನೆ ತಪ್ಪದೆ ಕೇಳುತ್ತೇನೆ: ತೈಲದ ಹಣ ದೇಶದ ಒಳಗೆ ಬರುತ್ತಿದೆಯಾ, ಹೊರಗೇ ಉಳಿಯುತ್ತಿದೆಯಾ? ನಾರ್ವೆ ತನ್ನ ಪೆಟ್ರೋಲಿಯಂ ನಿಧಿಯನ್ನು ಹೊರದೇಶಗಳಲ್ಲೇ ಹೂಡುತ್ತದೆ. 2001ರಲ್ಲಿ ಮಾಡಿಕೊಂಡ ನಿಯಮದಂತೆ, ಒಟ್ಟಾರೆ ನಿಧಿಯ ಸುಮಾರು ಶೇ. 4ರಷ್ಟನ್ನು ಮಾತ್ರ ವರ್ಷಕ್ಕೆ ಬಜೆಟ್ಟಿಗೆ ಬಳಸಬಹುದಿತ್ತು, 2017ರಲ್ಲಿ ಅದನ್ನು ಶೇ. 3ಕ್ಕೆ ಇಳಿಸಿದರು. ಹಣ ಒಳಗೆ ನುಗ್ಗದಿದ್ದರೆ ಕೂಲಿಯ ಮೇಲೆ ಒತ್ತಡವೂ ಅಷ್ಟು ಕಡಿಮೆ. ಹಾಗಂತ ಅಲ್ಲಿ ಸಂಬಳ ಅಗ್ಗ ಅಂತಲ್ಲ, ತೈಲಕ್ಕೆ ಸಾಮಾನು ಪೂರೈಸುವ ಕಂಪನಿಗಳೇ ಎಂಜಿನಿಯರ್‌ಗಳನ್ನು ಸೆಳೆಯುತ್ತವೆ. ಅದು ಬೇರೆಯದೇ ದಾರಿ, ನಿಧಿ ಅದನ್ನು ತಡೆಯುವುದಿಲ್ಲ.

ಪಂಪ್ ಕಾರ್ಖಾನೆಯವರು ಕೇಳಿದ್ದು ರಫ್ತು ಹೆಚ್ಚಿಸಲು ಹೊಸ ಯಂತ್ರಗಳಿಗೆ ಸಾಲ. ಅದನ್ನು ಒಪ್ಪಬೇಡಿ ಅಂತ ಬರೆದೆ. ಅವರ ರಿಪೇರಿ ವಿಭಾಗಕ್ಕೆ ಬೇಕಾದ ಚಿಕ್ಕ ಸಾಲಕ್ಕೆ ಮಾತ್ರ ಒಪ್ಪಿಗೆ ಕೊಡಬಹುದು ಅಂದೆ. ಕೆಟ್ಟ ಪಂಪನ್ನು ರಿಪೇರಿಗೆ ಅಂತ ಯಾರೂ ಹಡಗಿನಲ್ಲಿ ಹೊರದೇಶಕ್ಕೆ ಕಳಿಸುವುದಿಲ್ಲ. ಕೂಲಿ ಏರಿದರೆ ಅಲ್ಲಿ ದರವನ್ನೂ ಏರಿಸಬಹುದು.