ಹಿಂಬದಿಯ ಕ್ರಿಕೆಟ್

ಅಪ್ಪ ಕತ್ತರಿಸಿಟ್ಟಿದ್ದ ಸ್ಯಾಂಕಿ ಕೆರೆ ಸುದ್ದಿಯನ್ನು ಇವತ್ತು ಸ್ಕ್ಯಾನ್ ಮಾಡಿದೆ. ಮೇಲೆ ತಾರೀಖೇ ಇಲ್ಲ! ನೀಟಾಗಿ ಕತ್ತರಿಸೋ ಚಟ ಅವರಿಗೆ.

ಹಿಂಬದಿಯ ಅಕ್ಷರ ಮೂಡಬಾರದು ಅಂತ ಕಪ್ಪು ಹಾಳೆ ಇಟ್ಟಿದ್ದೆ. ಸುಮ್ನೆ ತಿರುಗಿಸಿ ನೋಡಿದರೆ, ಅರ್ಧ ಕತ್ತರಿಸಿದ ಸಾಲು: 'ಇಂದು ಲಾರ್ಡ್ಸ್‌ನಲ್ಲಿ ಫೈನಲ್, ಭಾರತಕ್ಕೆ ವಿಂಡೀಸ್ ಎದುರಾಳಿ'.

ಅಂದರೆ 1983ರ ಜೂನ್ 25, ಶನಿವಾರ. ಗೆಲ್ಲೋದು ಇನ್ನೂ ಯಾರಿಗೂ ಗೊತ್ತಿಲ್ಲದ ಬೆಳಗ್ಗೆ!

ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ. ಕ್ರಾಪ್ ಮಾಡಿದ್ದು ನಕಲನ್ನು ಮಾತ್ರ, ಪೂರ್ತಿ ಚಿತ್ರ ಹಾಗೇ ಇದೆ. ಫೈಲಿನ ಹೆಸರು 1983-06-25ರಿಂದ ಶುರು, ವರ್ಷ ಮೊದಲಿದ್ದರೆ ತಾನಾಗೇ ಸಾಲಾಗಿ ಕೂರುತ್ತವೆ. ಪತ್ರಿಕೆಯ ಹೆಸರು ಸಿಗಲಿಲ್ಲ. ಅಕ್ಷರದ ಅಚ್ಚು ನೋಡಿ ಊಹಿಸಬಹುದಿತ್ತು, ಆದರೆ ಊಹೆ ಬರೆದರೆ ನಾಳೆ ಅದೇ ನಿಜ ಆಗಿಬಿಡುತ್ತೆ, ಅಲ್ವಾ? 'ಪತ್ರಿಕೆ ತಿಳಿಯದು, ತಾರೀಖು ಹಿಂಬದಿಯಿಂದ' ಅಂತ ಬರೆದೆ.